ಬಂದರೆ ಬೆಟ್ಟ, ಹೋದರೆ ಕೂದಲು: ಷೇರನ್ನು ಕಾಲ್ ಆಪ್ಷನ್ ಆಗಿ ಲೆಕ್ಕ ಹಾಕುವುದು ಹೇಗೆ?

ಷೇರು ಎಂದರೆ ಕಂಪನಿಯ ಆಸ್ತಿಯಲ್ಲಿ ಪಾಲು ಎನ್ನುತ್ತೇವೆ. ಸಾಲವಿರುವ ಕಂಪನಿಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಆಪ್ಷನ್ ಬೆಲೆಯ ಸೂತ್ರ ಕೊಟ್ಟ 1973ರ ಲೇಖನದಲ್ಲೇ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್, ಅಂಥ ಕಂಪನಿಯ ಷೇರು ಅದರ ಆಸ್ತಿಯ ಮೇಲಿನ ಕಾಲ್ ಆಪ್ಷನ್ ಎಂದು ತೋರಿಸಿದರು. ಒಂದು ಕಲ್ಪಿತ ಕಂಪನಿಯನ್ನಿಟ್ಟುಕೊಂಡು ಇದನ್ನು ನೋಡೋಣ.

ಹಂತ 1: ಸಾಲ ಮತ್ತು ವಾಯಿದೆ ಬರೆದುಕೊಳ್ಳಿ. ಕಂಪನಿ ಒಂದು ವರ್ಷದ ಕೊನೆಗೆ ಬಡ್ಡಿ ಸೇರಿ 100 ಕೋಟಿ ರೂಪಾಯಿ ತೀರಿಸಬೇಕು. ಆಪ್ಷನ್ ಭಾಷೆಯಲ್ಲಿ ಆ 100 ಕೋಟಿಯೇ ಸ್ಟ್ರೈಕ್ ಬೆಲೆ, ತೀರಿಸುವ ದಿನವೇ ಎಕ್ಸ್‌ಪೈರಿ.

ಹಂತ 2: ಆ ದಿನ ಯಾರಿಗೆ ಎಷ್ಟು, ನೋಡಿ. ಆಸ್ತಿ 130 ಕೋಟಿ ಬಾಳಿದರೆ ಸಾಲ ತೀರಿಸಿ ಉಳಿದ 30 ಕೋಟಿ ಷೇರುದಾರರದು. 70 ಕೋಟಿಯಷ್ಟೇ ಬಾಳಿದರೆ ಅಷ್ಟೂ ಸಾಲ ಕೊಟ್ಟವರಿಗೆ ಹೋಗುತ್ತದೆ. ಹೊಣೆ ಸೀಮಿತವಾಗಿರುವುದರಿಂದ ಬಾಕಿ 30 ಕೋಟಿಗೆ ಷೇರುದಾರರ ಮನೆಬಾಗಿಲಿಗೆ ಯಾರೂ ಬರುವಂತಿಲ್ಲ.

```
ಷೇರುದಾರರ ಪಾಲು = max(ಆಸ್ತಿ − ಸಾಲ, 0)
```

ಹಂತ 3: ಎರಡು ಯೋಜನೆಗಳನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಗೆಲುವು, ಸೋಲಿನ ಸಾಧ್ಯತೆ ಸಮವಿರಲಿ. ಭದ್ರ ಯೋಜನೆ ಹಿಡಿದರೆ ಆಸ್ತಿ 120 ಅಥವಾ 100 ಕೋಟಿಯಾಗುತ್ತದೆ, ಸರಾಸರಿ 110. ಅಪಾಯದ ಯೋಜನೆಯಲ್ಲಿ 160 ಅಥವಾ 40 ಕೋಟಿ, ಸರಾಸರಿ 100. ಕಂಪನಿಯ ದೃಷ್ಟಿಯಿಂದ ಮೊದಲನೆಯದೇ ಮೇಲು.

ಹಂತ 4: ಷೇರುದಾರರ ಪಾಲನ್ನು ಬೇರೆ ಮಾಡಿ. ಭದ್ರ ಯೋಜನೆಯಲ್ಲಿ ಅವರಿಗೆ 20 ಅಥವಾ ಸೊನ್ನೆ, ಸರಾಸರಿ 10 ಕೋಟಿ. ಅಪಾಯದ್ದರಲ್ಲಿ 60 ಅಥವಾ ಸೊನ್ನೆ, ಸರಾಸರಿ 30 ಕೋಟಿ. ಸೋತರೆ ಎರಡರಲ್ಲೂ ಸಿಗುವುದು ಸೊನ್ನೆಯೇ ಆದ್ದರಿಂದ ಅವರ ಕಣ್ಣು ಗೆಲುವಿನ ಗಾತ್ರದ ಮೇಲಷ್ಟೇ ಇರುತ್ತದೆ. ಸಾಲ ಕೊಟ್ಟವರ ಸರಾಸರಿ ಮಾತ್ರ 100ರಿಂದ 70ಕ್ಕೆ ಇಳಿಯುತ್ತದೆ. ಅವರು ಕಳೆದುಕೊಂಡ 30 ಕೋಟಿಯಲ್ಲಿ 20 ಷೇರುದಾರರಿಗೆ ಸೇರಿತು, 10 ಯಾರಿಗೂ ದಕ್ಕದೆ ಹೋಯಿತು.

ಹಂತ 5: ಸಾಲ ಇಳಿಸಿ ಮತ್ತೆ ಲೆಕ್ಕ ಹಾಕಿ. ಸಾಲ 30 ಕೋಟಿಯಷ್ಟೇ ಇದ್ದರೆ ಷೇರುದಾರರ ಸರಾಸರಿ ಭದ್ರ ಯೋಜನೆಯಲ್ಲಿ 80, ಅಪಾಯದ್ದರಲ್ಲಿ 70 ಕೋಟಿ. ಈಗ ಸೋಲಿನ ಹೊಡೆತ ಅವರಿಗೇ ಬೀಳುತ್ತದೆ. ಹಾಗಾಗಿ ಭದ್ರವಾದದ್ದನ್ನೇ ಆರಿಸುತ್ತಾರೆ. ಜೂಜಿನ ಆಸೆ ಹುಟ್ಟುವುದು ಸಾಲ ಆಸ್ತಿಯ ಮಟ್ಟಕ್ಕೆ ಬಂದು ನಿಂತಾಗ.

ಹಂತ 6: ಲೆಕ್ಕ ಎಲ್ಲಿ ಕೆಡುತ್ತದೆ, ಪರೀಕ್ಷಿಸಿ. ಪ್ರವರ್ತಕರು ಸಾಲಕ್ಕೆ ವೈಯಕ್ತಿಕ ಖಾತರಿ ಬರೆದುಕೊಟ್ಟಿದ್ದರೆ ಅವರ ಪಾಲು ಸೊನ್ನೆಗೆ ನಿಲ್ಲದೆ ಸ್ವಂತ ಆಸ್ತಿಯನ್ನೂ ಎಳೆಯಬಹುದು. ಸಾಲಪತ್ರದಲ್ಲಿ ಹಣದ ಬಳಕೆಗೆ ಷರತ್ತುಗಳಿದ್ದರೆ ಯೋಜನೆ ಬದಲಿಸುವುದೂ ಸುಲಭವಲ್ಲ. ಇನ್ನು, ಈ ಆಟ ಗೊತ್ತಿರುವ ಬ್ಯಾಂಕು ಸಾಲ ಕೊಡುವಾಗಲೇ ಬಡ್ಡಿ ಏರಿಸುತ್ತದೆ. ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ 1976ರಲ್ಲಿ ಹೇಳಿದ್ದು ಇದನ್ನೇ: ನಾಳೆ ಅಪಾಯಕ್ಕೆ ಕೈಹಾಕಬಹುದೆಂಬ ಶಂಕೆಯ ಬೆಲೆಯನ್ನು ಮಾಲೀಕರೇ ಮುಂಗಡವಾಗಿ ತೆರುತ್ತಾರೆ. ಷರತ್ತುಗಳಿಗೆ ಅವರು ತಾವಾಗಿ ಒಪ್ಪುವುದೂ ಅದಕ್ಕಾಗಿಯೇ.