ಟಿಡಿಎಸ್ ಹಿಡಿದರೆ ತೆರಿಗೆ ಮುಗಿಯಿತೆ?

ಅಕ್ಕನ ಮಗ ಬೆಂಗಳೂರಿನ ತನ್ನ ಮೊದಲ ಕೆಲಸವನ್ನು ಮೂರೇ ವರ್ಷಕ್ಕೆ ಬಿಟ್ಟ. ಇನ್ನೊಂದು ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಡುವೆ ಪಿಎಫ್ ಪೂರ್ತಿ ತೆಗೆದು ಕಾರಿಗೆ ಡೌನ್ ಪೇಮೆಂಟ್ ಕಟ್ಟಿಬಿಟ್ಟ. ಖಾತೆಯಲ್ಲಿದ್ದ 2,92,000 ರೂಪಾಯಿಯಲ್ಲಿ 29,200 ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಟ್ಟಿದ್ದರು. "ಟ್ಯಾಕ್ಸ್ ಅವರೇ ಕಟ್ ಮಾಡ್ಕೊಂಡಿದಾರಲ್ಲ ಮಾವ, ಇನ್ನೇನಿದೆ?" ಎಂದು ರಿಟರ್ನ್‌ನಲ್ಲಿ ತೋರಿಸಲೇ ಇಲ್ಲ. ನೋಟಿಸ್ ಬಂದ ಮೇಲೆ ಫಾರ್ಮ್ 16ರ ಕಂತೆ ಹಿಡಿದುಕೊಂಡು ನಮ್ಮ ಮನೆಗೆ ಬಂದ.

ನಿವೃತ್ತಿಯ ಉಳಿತಾಯಕ್ಕೆ ತೆರಿಗೆಯ ಗೇಟು ಮೂರು ಕಡೆ ಇರುತ್ತದೆ: ಹಣ ಹಾಕುವಾಗ, ಅದು ಬೆಳೆಯುವಾಗ, ತೆಗೆಯುವಾಗ. ಪಿಎಫ್‌ನಲ್ಲಿ ಮೂರೂ ತೆರೆದಿರುತ್ತವೆ, ಅದಕ್ಕೇ ಎಲ್ಲರೂ ಇಇಇ ಎನ್ನುವುದು. ಆದರೆ ಮೂರನೆಯದಕ್ಕೆ ಒಂದು ಷರತ್ತಿದೆ: ಐದು ವರ್ಷದ ನಿರಂತರ ಸೇವೆ. ಕಾಯಿಲೆಯಿಂದಲೋ ಕಂಪನಿ ಮುಚ್ಚಿದ್ದರಿಂದಲೋ ಕೆಲಸ ಹೋಗಿದ್ದರೆ ಈ ಷರತ್ತಿಲ್ಲ. ತಾನಾಗಿ ಬಿಟ್ಟವನಿಗೆ ಇದೆ. ಷರತ್ತು ತಪ್ಪಿದರೆ ಮೂರನೆಯ ಗೇಟು ಮಾತ್ರ ಮುಚ್ಚುವುದಿಲ್ಲ. ಮೊದಲೆರಡರಲ್ಲಿ ಸಿಕ್ಕಿದ್ದ ವಿನಾಯಿತಿಯನ್ನೂ ವಾಪಸ್ ಕೇಳುತ್ತಾರೆ.

ಅವನ ಲೆಕ್ಕ ಹೀಗಿತ್ತು. ಬೇಸಿಕ್ ತಿಂಗಳಿಗೆ 30,000, ಅದರ ಶೇ. 12 ಅಂದರೆ 3,600. ಕಂಪನಿಯೂ ಅಷ್ಟೇ ಹಾಕುತ್ತಿತ್ತು. ಬೇಸಿಕ್ 15,000 ದಾಟಿದ ಹೊಸಬನಾದ್ದರಿಂದ ಪಿಂಚಣಿ ನಿಧಿಗೆ ಪಾಲು ಹೋಗಿರಲಿಲ್ಲ. 36 ತಿಂಗಳಿಗೆ ಅವನದು ಸುಮಾರು 1,30,000, ಕಂಪನಿಯದು 1,30,000. ಒಂದೊಂದರ ಮೇಲೂ ಬಡ್ಡಿ ಹತ್ತಿರಹತ್ತಿರ 16,000. ಕಂಪನಿಯ ಪಾಲು ಮತ್ತು ಅದರ ಬಡ್ಡಿ, ಒಟ್ಟು 1,46,000, ಸಂಬಳದ ಲೆಕ್ಕಕ್ಕೆ ಸೇರುತ್ತದೆ. ಅವನ ಪಾಲಿನ ಬಡ್ಡಿ 16,000 ಇತರ ಆದಾಯ. ಉಳಿದ 1,30,000 ಅವನದೇ ಸಂಬಳದ ಹಣ. ಆದರೆ ಮೂರೂ ವರ್ಷ ಹಳೆಯ ಪದ್ಧತಿಯಲ್ಲಿ ಅದನ್ನು 80ಸಿಯಲ್ಲಿ ತೋರಿಸಿ ತೆರಿಗೆ ಉಳಿಸಿಕೊಂಡಿದ್ದ, ಬೇರೆ ಹೂಡಿಕೆ ಇರಲಿಲ್ಲ. ಹಾಗಾಗಿ ಅದೂ ವಾಪಸ್. ಎಲ್ಲ ವರ್ಷವೂ ಅವನು ಶೇ. 20ರ ಸ್ಲ್ಯಾಬ್‌ನಲ್ಲೇ ಇದ್ದದ್ದರಿಂದ ಲೆಕ್ಕ ಸುಲಭವಾಯಿತು: 2,92,000ಕ್ಕೆ 58,400, ಅದರ ಮೇಲೆ ಶೇ. 4 ಸೆಸ್ 2,336, ಒಟ್ಟು 60,736. ಟಿಡಿಎಸ್ ಕಳೆದರೆ ಇನ್ನೂ 31,536 ಬಾಕಿ, ತಡವಾದದ್ದಕ್ಕೆ ಬಡ್ಡಿ ಬೇರೆ. ಹೊಸ ಪದ್ಧತಿಯಲ್ಲಿದ್ದಿದ್ದರೆ 80ಸಿ ಪಡೆದೇ ಇರುತ್ತಿರಲಿಲ್ಲ, ಆಗ ಆ 1,30,000 ಉಳಿಯುತ್ತಿತ್ತು.

ಈ ಹುಡುಗರಿಗೆ ಪಿಎಫ್ ಅಂದರೆ ಕೆಲಸ ಬಿಟ್ಟಾಗ ಸಿಗುವ ಬೋನಸ್. ಮೂವತ್ತು ವರ್ಷಕ್ಕೆ ಇಟ್ಟ ಹಣವನ್ನು ಮೂರು ವರ್ಷಕ್ಕೊಮ್ಮೆ ಬಳಿದು ತೆಗೆದರೆ ಅರವತ್ತಕ್ಕೆ ಪಾಸ್‌ಬುಕ್‌ನಲ್ಲಿ ಕೊನೆಯ ಕಂಪನಿಯ ನಾಲ್ಕು ಕಾಸು ಮಾತ್ರ ಇರುತ್ತದೆ. ಕಾರಂತೂ ಅಷ್ಟು ದಿನ ಬಾಳುವುದಿಲ್ಲ.

ನೋಟಿಸ್ ನೋಡಿ ಗಾಬರಿಯಾದವನಿಗೆ ಯಾರೋ ಏಜೆಂಟ್ ಇನ್ಶೂರೆನ್ಸ್ ಕಂಪನಿಯ ಪೆನ್ಶನ್ ಪಾಲಿಸಿ ತೋರಿಸಿ "ಪೂರ್ತಿ ಟ್ಯಾಕ್ಸ್ ಫ್ರೀ" ಅಂದಿದ್ದನಂತೆ. ನನಗೆ ತಾಳ್ಮೆ ಉಳಿಯದ ಜಾಗ ಇದು. ಅವನು ತೋರಿಸಿದ್ದು ಮೊದಲ ಗೇಟು ಮಾತ್ರ. ಕೊನೆಗೆ ತಿಂಗಳುತಿಂಗಳು ಬರುವ ಪಿಂಚಣಿ ಪೂರ್ತಿಯಾಗಿ ಆದಾಯವೇ, ಅದರಲ್ಲಿ ನಮ್ಮ ಅಸಲು ಎಷ್ಟಿದೆ ಎಂದು ಯಾರೂ ಕಳೆಯುವುದಿಲ್ಲ. ಮಧ್ಯೆ ಸರೆಂಡರ್ ಮಾಡಿದರೆ, ಕಡಿತ ಪಡೆದವನಿಗೆ ಬೋನಸ್ ಸಮೇತ ಬಂದ ಹಣಕ್ಕೆಲ್ಲ ತೆರಿಗೆ. ಎನ್‌ಪಿಎಸ್‌ನ ಆನ್ಯುಟಿಗೂ ತೆರಿಗೆ ಇದೆ, ಆದರೆ ಅಲ್ಲಿ ಅರವತ್ತಕ್ಕೆ ಶೇ. 60ರಷ್ಟು ಇಡಿಗಂಟು ತೆರಿಗೆಯಿಲ್ಲದೆ ಕೈಗೆ ಬರುತ್ತದೆ, ಖರ್ಚೂ ಕಮ್ಮಿ. ಪಿಪಿಎಫ್ ಹದಿನೈದು ವರ್ಷ ಕಟ್ಟಿಹಾಕುತ್ತದೆ ಅನ್ನುವುದು ಬಿಟ್ಟರೆ ಕೊನೆಯಲ್ಲಿ ಯಾವ ತಕರಾರೂ ಇಲ್ಲ.

ಅವನು ಮಾಡಬೇಕಿದ್ದದ್ದು ಹಳೆಯ ಪಿಎಫ್ ಅನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸುವುದು. ವರ್ಗಾಯಿಸಿದರೆ ಹಿಂದಿನ ಮೂರು ವರ್ಷವೂ ಐದರ ಲೆಕ್ಕಕ್ಕೆ ಸೇರುತ್ತದೆ, ಹೊಸ ಕಡೆ ಇನ್ನೆರಡು ವರ್ಷ ದುಡಿದರೆ ಷರತ್ತು ತೀರಿತು. ಇಲ್ಲಿ ಎಡವುವವರೂ ಇದ್ದಾರೆ. ಹೊಸ ಕಂಪನಿ ಹಳೆಯ ಯುಎಎನ್ ಬಿಟ್ಟು ಇನ್ನೊಂದನ್ನು ತೆರೆದಿರುತ್ತದೆ, ಇಲ್ಲವೇ ಹಳೆಯ ಕಂಪನಿ ಬಿಟ್ಟ ದಿನಾಂಕವನ್ನೇ ನಮೂದಿಸಿರುವುದಿಲ್ಲ. ಪಿಎಫ್ ಪೋರ್ಟಲ್‌ನಲ್ಲಿ Service History ತೆರೆದರೆ ಎರಡೂ ಕಂಪನಿ ಒಂದೇ ಯುಎಎನ್ ಅಡಿ, ಸೇರಿದ ಮತ್ತು ಬಿಟ್ಟ ದಿನಾಂಕದ ಸಮೇತ ಕಾಣಬೇಕು. ಬಿಟ್ಟ ದಿನಾಂಕ ಖಾಲಿಯಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ Mark Exit ಒತ್ತಿ ನಾವೇ ತುಂಬಬಹುದು. ಹಳೆಯ ಎಚ್‌ಆರ್‌ಗೆ ಫೋನ್ ಮಾಡಿ ಗೋಗರೆಯುವ ಅಗತ್ಯವಿಲ್ಲ.