ನ್ಯಾಸ್‌ಗೆ ಡಿಸ್ಕ್ ಕೊಳ್ಳುವ ಮುನ್ನ

ನ್ಯಾಸ್‌ಗೆ ಹಾರ್ಡ್ ಡಿಸ್ಕ್ ಕೊಳ್ಳುವಾಗ ಅದು ಎಸ್‌ಎಂಆರ್ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್‌ನಲ್ಲಿ ದತ್ತಾಂಶದ ಪಥಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದನ್ನು ತಿದ್ದಬೇಕಾದರೆ ಅದರ ಮುಂದಿನವನ್ನೂ ಮತ್ತೆ ಬರೆಯಬೇಕು. ಹಾಗಾಗಿ ಡಿಸ್ಕ್ ಹೊಸ ಬರಹವನ್ನು ಮೊದಲು ಒಂದು ಸಣ್ಣ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು, ಬಿಡುವಾದಾಗ ಸರಿಯಾದ ಸ್ಥಳಕ್ಕೆ ಸಾಗಿಸುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಆ ಬಿಡುವು ಸಿಗುತ್ತದೆ. ಆದರೆ ನ್ಯಾಸ್‌ನ ರೇಡ್ ಮರುನಿರ್ಮಾಣದಲ್ಲಿ ಟೆರಾಬೈಟ್‌ಗಟ್ಟಲೆ ಬರಹ ಎಡೆಬಿಡದೆ ಬರುತ್ತದೆ. ಆ ಜಾಗ ತುಂಬಿದೊಡನೆ ವೇಗ ನೆಲಕಚ್ಚುತ್ತದೆ. ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಡಿಸ್ಕ್ ಬಹಳ ಹೊತ್ತು ಉತ್ತರಿಸದಿದ್ದರೆ, ಕೆಟ್ಟಿತೆಂದು ವ್ಯವಸ್ಥೆ ಅದನ್ನು ಹೊರಹಾಕಲೂಬಹುದು. ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ, ರೇಡ್-5ರಲ್ಲಿ ಎಲ್ಲವೂ ಹೋದಂತೆ.

‘ನ್ಯಾಸ್‌ಗಾಗಿ’ ಎಂಬ ಲೇಬಲ್ಲನ್ನಷ್ಟೇ ನಂಬಬೇಡಿ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯಲ್ಲೇ WD40EFAX ಎಸ್‌ಎಂಆರ್, WD40EFRX ಪಥಗಳು ಒಂದರ ಮೇಲೊಂದು ಚಾಚದ ಸಿಎಂಆರ್ ಎಂಬುದು 2020ರಲ್ಲಿ ಬಯಲಾಯಿತು. ಪೂರ್ತಿ ಮಾಡೆಲ್ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ನೋಡಿ, ಸಿಎಂಆರ್ ಎಂದಿದ್ದರೆ ಮಾತ್ರ ಕೊಳ್ಳಿ.