ಮೋಲ್ಡ್ ಹಾಕುವ ಮುನ್ನ ವರದಿಯಲ್ಲಿ ಏನಿರಬೇಕು?

ಪ್ರಶ್ನೆ: ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಇರುವುದು ಪುಣೆಯಲ್ಲಿ. ಸೈಟ್ ಎಂಜಿನಿಯರ್ ವಾರಕ್ಕೊಮ್ಮೆ ‘ಕೆಲಸ ಚೆನ್ನಾಗಿ ನಡೆದಿದೆ’ ಎಂದಷ್ಟೇ ತಿಳಿಸುತ್ತಾರೆ. ಮುಂದಿನ ವಾರ ಮೋಲ್ಡ್. ಏನು ಕೇಳಲಿ?

ಉತ್ತರ: ಮುಚ್ಚಿಹೋಗುವುದನ್ನು ಮೊದಲು ಕೇಳಿ. ಗೋಡೆ ಎಷ್ಟು ಎದ್ದಿದೆಯೆಂದು ಯಾವಾಗ ಬಂದರೂ ನೋಡಬಹುದು. ಕಾಂಕ್ರೀಟ್ ಬಿದ್ದ ಮೇಲೆ ಕಂಬಿ ಕಾಣುವುದಿಲ್ಲ. ಹಾಗಾಗಿ ಈ ವಾರ ಕಂಬಿಗಳ ನಡುವೆ ಟೇಪ್ ಹಿಡಿದು ತೆಗೆದ ಫೋಟೊ, ಪಕ್ಕದಲ್ಲೇ ನಕ್ಷೆ ಹೇಳುವ ಅಂತರ, ಕಂಬಿಯಡಿಯ 20 ಮಿ.ಮೀ. ಕವರ್ ಬ್ಲಾಕ್‌ನ ಫೋಟೊ ಬರಲಿ. ಮುಂದಿನ ವಾರ ಮೋಲ್ಡ್ ಹಾಕಿದ ದಿನಾಂಕ, ಖರ್ಚಾದ ಸಿಮೆಂಟ್ ಮೂಟೆ, ನೀರು ನಿಲ್ಲಿಸಿದ ದಿನಗಳ ಲೆಕ್ಕ. ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಬೇಕು. ಇದಕ್ಕೆಲ್ಲ ಪುರುಸೊತ್ತಿಲ್ಲ ಎಂದರೆ ಒಪ್ಪಬೇಡಿ. ಅಳತೆಯನ್ನು ಅವರು ಹೇಗೂ ನೋಡಲೇಬೇಕು, ಫೋಟೊ ಅದರ ಜೊತೆಗೇ ಆಗುತ್ತದೆ. ಅಂತರ ನಕ್ಷೆಗಿಂತ ಹೆಚ್ಚಿದ್ದರೆ ಕಾಂಕ್ರೀಟ್ ಹಾಕಲು ಬಿಡದೆ, ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರನ್ನೇ ಸೈಟಿಗೆ ಕರೆಸಿ.